ವರ್ಡ್ ಫೈಲಿನಲ್ಲಿ ಚಿತ್ರವಾಗಿ ಕುಳಿತ ಕೋಷ್ಟಕಗಳಿಂದ ಅಂಕಿಗಳನ್ನು ನಾನು ಹೊರತೆಗೆಯುವ ಬಗೆ

ಹಲವು ಸಹಕಾರ ಸಂಘಗಳ ವಾರ್ಷಿಕ ವರದಿಗಳನ್ನು ತರಿಸಿಕೊಂಡು, ಅವುಗಳಲ್ಲಿರುವ ಖರ್ಚುವೆಚ್ಚದ ಕೋಷ್ಟಕಗಳನ್ನು ಒಂದೇ ಎಕ್ಸೆಲ್ ಹಾಳೆಗೆ ಸೇರಿಸುವುದು ನನ್ನ ಕೆಲಸ. ಬರುವ ವರದಿಗಳೆಲ್ಲ ವರ್ಡ್ ಫೈಲುಗಳೇ ಆಗಿದ್ದರೂ ಅನೇಕ ಫೈಲುಗಳಲ್ಲಿ ಕೋಷ್ಟಕ ಮಾತ್ರ ಕೋಷ್ಟಕವಾಗಿರುವುದಿಲ್ಲ. ಎಕ್ಸೆಲ್‌ನಿಂದ ನಕಲು ಮಾಡಿ ಚಿತ್ರವಾಗಿ ಅಂಟಿಸಿರುತ್ತಾರೆ, ಇಲ್ಲವೇ ಪರದೆಯ ಸ್ಕ್ರೀನ್‌ಶಾಟ್ ತೆಗೆದು ಹಾಕಿರುತ್ತಾರೆ. ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಕೋಷ್ಟಕದಲ್ಲಿ ಕಾಣುವ ಯಾವುದಾದರೂ ಒಂದು ಸಂಖ್ಯೆಯನ್ನು Ctrl+F ಒತ್ತಿ ಹುಡುಕಿದಾಗ ಸಿಗದಿದ್ದರೆ, ಒಂದು ಮನೆಯ ಮೇಲೆ ಕ್ಲಿಕ್ ಮಾಡಿದಾಗ ಕರ್ಸರ್ ಒಳಗೆ ಹೋಗದೆ ಇಡೀ ಕೋಷ್ಟಕದ ಸುತ್ತ ಹಿಡಿಗಳು ಮೂಡಿದರೆ, ಅದು ಚಿತ್ರ.

ಹೀಗೇಕೆ ಮಾಡುತ್ತಾರೆ ಎಂಬುದಕ್ಕೆ ಸಂಘವೊಂದರ ಕಾರ್ಯದರ್ಶಿಯವರು ಕೊಟ್ಟ ಉತ್ತರ ನನಗೆ ನ್ಯಾಯವಾಗಿಯೇ ಕಂಡಿತು. "ಟೇಬಲ್ ಆಗಿ ಹಾಕಿದರೆ ನಿಮ್ಮ ಕಂಪ್ಯೂಟರಿನಲ್ಲಿ ಅಕ್ಷರಗಳೇ ಬದಲಾಗಿಬಿಡುತ್ತವೆ ಸರ್, ಚಿತ್ರವಾದರೆ ಇದ್ದ ಹಾಗೆ ಇರುತ್ತದೆ" ಎಂದರು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕನ್ನಡ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ ಎಂಬುದನ್ನು ಅನುಭವಿಸಿದವರು ಚಿತ್ರದ ಮೊರೆ ಹೋಗುವುದು ಸಹಜ. ಅಗಲವಾದ ಎಕ್ಸೆಲ್ ಕೋಷ್ಟಕ ಪುಟದ ಅಂಚನ್ನು ಮೀರಿ ಹೋಗುವುದೂ ಇನ್ನೊಂದು ಕಾರಣ. ಚಿತ್ರವನ್ನಾದರೆ ಮೂಲೆ ಹಿಡಿದು ಎಳೆದು ಪುಟಕ್ಕೆ ಹೊಂದಿಸಬಹುದು.

ಇಂತಹ ಫೈಲು ಕೈಗೆ ಬಂದ ಕೂಡಲೇ ಅಂಕಿಗಳನ್ನು ನೋಡಿಕೊಂಡು ಬೆರಳಚ್ಚು ಮಾಡಲು ನಾನು ಕೂರುವುದಿಲ್ಲ. ಚಿತ್ರದಿಂದ ಅಕ್ಷರ ಗುರುತಿಸುವ ಓಸಿಆರ್ ತಂತ್ರಾಂಶಕ್ಕೂ ತಕ್ಷಣ ಕೊಡುವುದಿಲ್ಲ. ಮೊದಲು ಫೈಲನ್ನು ಬಿಚ್ಚಿ ನೋಡುತ್ತೇನೆ. ಚಿತ್ರದಂತೆ ಕಾಣುವ ಕೋಷ್ಟಕದ ಹಿಂದೆ ಅಂಕಿಗಳು ಅಕ್ಷರರೂಪದಲ್ಲೇ ಉಳಿದಿರುವ ಸಂದರ್ಭಗಳು ಸಾಕಷ್ಟಿವೆ, ಆದರೆ ಪುಟವನ್ನು ಮೇಲಿನಿಂದ ನೋಡಿದರೆ ಅದು ಗೊತ್ತಾಗುವುದಿಲ್ಲ. ಡಾಕ್ಸ್ ಫೈಲು ನಿಜವಾಗಿ ಒಂದು ಜಿಪ್ ಕಟ್ಟು. ಅದರ ನಕಲೊಂದನ್ನು ಮಾಡಿಕೊಂಡು, ಹೆಸರಿನ ಕೊನೆಯಲ್ಲಿರುವ .docx ಅನ್ನು .zip ಎಂದು ಬದಲಿಸಿದರೆ ವಿಂಡೋಸ್‌ನಲ್ಲೇ ತೆರೆಯುತ್ತದೆ. ಲಿನಕ್ಸ್‌ನಲ್ಲಿ ಹೀಗೆ ಮಾಡಬಹುದು:

```
unzip varadi.docx -d varadi
ls -l varadi/word/media varadi/word/embeddings
```

ಫೈಲು ಹಳೆಯ .doc ರೂಪದಲ್ಲಿದ್ದರೆ ಮೊದಲು ವರ್ಡ್‌ನಲ್ಲಿ ತೆರೆದು .docx ಆಗಿ ಉಳಿಸಿಕೊಳ್ಳಬೇಕು.

ನಾನು ಮೊದಲು ನೋಡುವುದು embeddings ಎಂಬ ಫೋಲ್ಡರ್ ಇದೆಯೇ ಎಂದು. ಕಳುಹಿಸಿದವರು ಎಕ್ಸೆಲ್ ವರ್ಕ್‌ಷೀಟನ್ನು ಆಬ್ಜೆಕ್ಟ್ ಆಗಿ ಅಂಟಿಸಿದ್ದರೆ, ಪುಟದ ಮೇಲೆ ಕಾಣುವ ಚಿತ್ರ ಬರಿಯ ಮುನ್ನೋಟ. ಮೂಲ ಎಕ್ಸೆಲ್ ಫೈಲು ಆ ಫೋಲ್ಡರಿನಲ್ಲಿ ಪೂರ್ತಿಯಾಗಿ ಕುಳಿತಿರುತ್ತದೆ. ವರ್ಡ್‌ನಲ್ಲಿ ಅದರ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೂ ಎಕ್ಸೆಲ್ ತೆರೆದುಕೊಳ್ಳುತ್ತದೆ. ಇಲ್ಲಿ ಎರಡು ಎಚ್ಚರಿಕೆಗಳಿವೆ. ಚಿತ್ರದಲ್ಲಿ ಪೂರ್ಣ ರೂಪಾಯಿಗೆ ಸರಿಹೊಂದಿಸಿ ತೋರಿಸಿದ ಮೊತ್ತಕ್ಕೆ ಒಳಗಿನ ಮನೆಯಲ್ಲಿ ಪೈಸೆಗಳೂ ಇರಬಹುದು, ಹಾಗಾಗಿ ಎರಡರಲ್ಲಿ ಯಾವುದನ್ನು ಬಳಸಬೇಕೆಂದು ಮೊದಲೇ ತೀರ್ಮಾನಿಸಬೇಕು. ವರದಿಯಲ್ಲಿ ಪ್ರಕಟವಾಗಿರುವ ಅಂಕಿಯನ್ನೇ ನಾನು ತೆಗೆದುಕೊಳ್ಳುತ್ತೇನೆ. ಎರಡನೆಯದು ಇನ್ನೂ ಗಂಭೀರವಾದದ್ದು: ಆ ಒಂದು ಕೋಷ್ಟಕದ ಜೊತೆಗೆ ವರ್ಕ್‌ಬುಕ್ಕಿನ ಉಳಿದ ಹಾಳೆಗಳೂ ಬಂದಿರುತ್ತವೆ. ಸದಸ್ಯರ ಸಾಲದ ವಿವರವಿರುವ ಹಾಳೆ ಹೀಗೆ ತಿಳಿಯದೆಯೇ ಹೊರಗೆ ಹೋಗಿರುವುದನ್ನು ಕಂಡರೆ, ನಾನು ಅದನ್ನು ಓದದೆ ಮುಚ್ಚಿ ಕಳುಹಿಸಿದವರಿಗೆ ತಿಳಿಸುತ್ತೇನೆ.

ಅನಂತರ media ಫೋಲ್ಡರ್. ಅಲ್ಲಿರುವ ಫೈಲಿನ ಹೆಸರು .emf ಎಂದು ಕೊನೆಗೊಂಡರೆ ಅಂಕಿಗಳು ಬಹುತೇಕ ಉಳಿದಿವೆ ಎಂದೇ ಲೆಕ್ಕ. ಈ ಬಗೆಯ ಚಿತ್ರದಲ್ಲಿ ಚುಕ್ಕಿಗಳ ಬದಲು, ಇಂತಹ ಜಾಗದಲ್ಲಿ ಇಂತಹ ಅಕ್ಷರಗಳನ್ನು ಬರೆ ಎಂಬ ಆದೇಶಗಳು ಇರುತ್ತವೆ. ಇಂಕ್‌ಸ್ಕೇಪ್‌ನಲ್ಲಿ ತೆರೆದರೆ ಅಂಕಿಗಳನ್ನು ಅಕ್ಷರಗಳಾಗಿಯೇ ಆಯ್ದು ನಕಲು ಮಾಡಬಹುದು. ಕನ್ನಡದ ತಲೆಬರಹಗಳು ಮಾತ್ರ ಹೀಗೆ ಸರಿಯಾಗಿ ಬರುವ ಭರವಸೆಯಿಲ್ಲ, ಏಕೆಂದರೆ ಒತ್ತು, ಗುಣಿತಗಳಿರುವ ಲಿಪಿಯನ್ನು ಈ ಚಿತ್ರದಲ್ಲಿ ಕೆಲವೊಮ್ಮೆ ಅಕ್ಷರಗಳಾಗಿ ದಾಖಲಿಸದೆ ಫಾಂಟಿನೊಳಗಿನ ಆಕೃತಿಗಳ ಕ್ರಮಸಂಖ್ಯೆಗಳಾಗಿ ದಾಖಲಿಸಲಾಗಿರುತ್ತದೆ. ತಲೆಬರಹಗಳು ಕೆಲವೇ ಇರುವುದರಿಂದ ಅವನ್ನು ನಾನು ಕೈಯಲ್ಲೇ ಬೆರಳಚ್ಚು ಮಾಡುತ್ತೇನೆ.

.png ಅಥವಾ .jpeg ಆಗಿದ್ದರೆ ಅಕ್ಷರವೆಂಬುದು ಅಲ್ಲಿಲ್ಲ, ಬರಿಯ ಚುಕ್ಕಿಗಳಿವೆ. ಆದರೂ ಪುಟದಲ್ಲಿ ಕಾಣುವ ಚಿತ್ರವನ್ನು ಮತ್ತೆ ಸ್ಕ್ರೀನ್‌ಶಾಟ್ ತೆಗೆಯುವುದಕ್ಕಿಂತ media ಒಳಗಿನ ಫೈಲನ್ನೇ ಬಳಸುವುದು ಮೇಲು. ಪುಟದಲ್ಲಿ ಚಿಕ್ಕದಾಗಿ ಕಾಣುವ ಚಿತ್ರ ಒಳಗೆ ದೊಡ್ಡದಾಗಿರಬಹುದು. ಇನ್ನೊಂದು ಲಾಭವೂ ಉಂಟು: ವರ್ಡ್‌ನಲ್ಲಿ ಕ್ರಾಪ್ ಮಾಡಿದ ಭಾಗ, ಅದನ್ನು ಅಳಿಸುವಂತೆ ಬೇರೆಯಾಗಿ ಹೇಳದಿದ್ದರೆ, ಫೈಲಿನಲ್ಲಿ ಉಳಿದೇ ಇರುತ್ತದೆ. ನಾನು ಇಲ್ಲಿ ವಿವರಿಸಲಿರುವ ವರದಿಯಲ್ಲಿ ಪುಟದ ಮೇಲೆ ವೆಚ್ಚದ ಬಾಬು ಮತ್ತು ಈ ವರ್ಷದ ಮೊತ್ತ ಎಂಬ ಎರಡು ಕಾಲಮ್ಮುಗಳಷ್ಟೇ ಇದ್ದವು. ಒಳಗಿನ ಪಿಎನ್‌ಜಿ ಚಿತ್ರವನ್ನು ತೆರೆದಾಗ ಬಲಗಡೆಯಲ್ಲಿ ಹಿಂದಿನ ವರ್ಷದ ಮೊತ್ತ ಮತ್ತು ಹೆಚ್ಚಳ ಎಂಬ ಇನ್ನೆರಡು ಕಾಲಮ್ಮುಗಳು ಸಿಕ್ಕಿದವು. ಅವುಗಳ ಉಪಯೋಗ ಮುಂದೆ ಬರುತ್ತದೆ.

ಅಕ್ಷರ ಗುರುತಿಸಲು ನಾನು ಬಳಸುವುದು ಟೆಸರಾಕ್ಟ್. ಕೋಷ್ಟಕವನ್ನು ಇಡಿಯಾಗಿ ಕೊಟ್ಟರೆ ಅದು ಕಾಲಮ್ಮಿನ ನಿಂತ ಗೆರೆಯನ್ನು ಕೆಲವೆಡೆ 1 ಎಂದು ಓದಿ ಪಕ್ಕದ ಅಂಕಿಗೆ ಅಂಟಿಸುತ್ತದೆ. ಆದ್ದರಿಂದ ಅಂಕಿಗಳಿರುವ ಒಂದೊಂದು ಕಾಲಮ್ಮನ್ನೂ ಗೆರೆ ಸೇರದಂತೆ ಕತ್ತರಿಸಿ, ಮೂರು ಪಟ್ಟು ದೊಡ್ಡದು ಮಾಡಿ, ಅಂಕಿಗಳನ್ನಷ್ಟೇ ಓದುವಂತೆ ಹೇಳುತ್ತೇನೆ:

```
magick image4.png -crop 180x620+410+60 +repage \
  -colorspace Gray -resize 300% k2.png
tesseract k2.png k2 -l eng --psm 6 \
  -c tessedit_char_whitelist=0123456789,.-
```

-crop ಮುಂದಿನ ನಾಲ್ಕು ಸಂಖ್ಯೆಗಳು ಕಾಲಮ್ಮಿನ ಅಗಲ, ಎತ್ತರ, ಎಡದಿಂದ ದೂರ ಮತ್ತು ಮೇಲಿನಿಂದ ದೂರ. ಚಿತ್ರದಿಂದ ಚಿತ್ರಕ್ಕೆ ಅವು ಬದಲಾಗುತ್ತವೆ. ಕಾಲಮ್ಮುಗಳನ್ನು ಬೇರೆಬೇರೆಯಾಗಿ ಓದಿಸುವ ಈ ಕ್ರಮದಲ್ಲಿ ಒಂದು ಅಪಾಯವಿದೆ. ನಡುವೆ ಖಾಲಿ ಮನೆಯಿದ್ದರೆ ಟೆಸರಾಕ್ಟ್ ಅದನ್ನು ಬಿಟ್ಟು ಮುಂದುವರಿಯುವುದರಿಂದ ಅದರ ಕೆಳಗಿನ ಅಂಕಿಗಳೆಲ್ಲ ಒಂದು ಸಾಲು ಮೇಲೇರಿ, ಬಾಡಿಗೆಯ ಮೊತ್ತ ವೇತನದ ಎದುರಿಗೆ ಬಂದು ನಿಲ್ಲಬಹುದು. ಕಾಲಮ್ಮಿನ ಮೊತ್ತ ಆಗಲೂ ಸರಿಯಾಗಿಯೇ ಇರುವುದರಿಂದ ಕೂಡಿ ನೋಡುವುದರಿಂದ ಈ ತಪ್ಪು ಹೊರಬೀಳುವುದಿಲ್ಲ. ಹಾಗಾಗಿ ಕೂಡುವುದಕ್ಕೆ ಮೊದಲು ಪ್ರತಿ ಕಾಲಮ್ಮಿನಲ್ಲಿ ಬಂದ ಸಾಲುಗಳನ್ನು ಎಣಿಸಿ ಚಿತ್ರದ ಸಾಲುಗಳೊಂದಿಗೆ ತಾಳೆ ನೋಡುತ್ತೇನೆ.

ಮುಖ್ಯವಾದ ಕೆಲಸ ಇನ್ನು ಮುಂದಿನದು. ಓಸಿಆರ್ ಅಕ್ಷರಗಳಲ್ಲಿ ಎಡವಿದರೆ ಓದುಗನಿಗೆ ಅದು ಕಾಣುತ್ತದೆ, ಅಂಕಿಯಲ್ಲಿ ಎಡವಿದರೆ ಕಾಣುವುದಿಲ್ಲ, ಏಕೆಂದರೆ ತಪ್ಪು ಸಂಖ್ಯೆಯೂ ಸಂಖ್ಯೆಯಂತೆಯೇ ಇರುತ್ತದೆ. ಆದ್ದರಿಂದ ಕೋಷ್ಟಕದಲ್ಲೇ ಇರುವ ಒಟ್ಟು ಮೊತ್ತವನ್ನು ಸಾಕ್ಷಿಯಾಗಿ ಬಳಸುತ್ತೇನೆ. ಆ ವರದಿಯಲ್ಲಿ ಈ ವರ್ಷದ ಕಾಲಮ್ ಹೀಗೆ ಓದಿಬಂದಿತ್ತು: ಸಿಬ್ಬಂದಿ ವೇತನ 4,33,600, ಗೋದಾಮು ಬಾಡಿಗೆ 1,26,000, ಸಾಗಣೆ 83,450, ವಿದ್ಯುತ್ 27,315, ಮುದ್ರಣ ಮತ್ತು ಲೇಖನ ಸಾಮಗ್ರಿ 18,760, ಇತರೆ 9,280. ಇವನ್ನು ಕೂಡಿದರೆ 6,98,405 ಆಗುತ್ತದೆ. ಕೋಷ್ಟಕದ ಕೊನೆಯ ಸಾಲಿನಲ್ಲಿದ್ದ ಒಟ್ಟು ಮೊತ್ತ 7,03,405. ಸರಿಯಾಗಿ 5,000 ಕಡಿಮೆ.

ಈ 5,000 ಎಂಬ ವ್ಯತ್ಯಾಸವೇ ತಪ್ಪಿನ ಜಾಗವನ್ನು ಹೇಳುತ್ತದೆ. ಒಂದೇ ಅಂಕಿ ತಪ್ಪಾಗಿದ್ದರೆ ಅದು ಸಾವಿರದ ಸ್ಥಾನದಲ್ಲಿರಬೇಕು, ಮತ್ತು ಐದರಷ್ಟು ಕಡಿಮೆಯಾಗಿ ಓದಿರಬೇಕು. ಮಸುಕಾದ ಚಿತ್ರದಲ್ಲಿ 8 ಅನ್ನು 3 ಎಂದು ಓದುವುದು ಸಾಮಾನ್ಯ, ಅವೆರಡರ ವ್ಯತ್ಯಾಸ ಐದೇ. ಓದಿಬಂದ ಕಾಲಮ್ಮಿನಲ್ಲಿ ಸಾವಿರದ ಸ್ಥಾನದಲ್ಲಿ 3 ಇರುವ ಸಾಲುಗಳು ಎರಡು: ವೇತನದ 4,33,600 ಮತ್ತು ಸಾಗಣೆಯ 83,450. ಉಳಿದ ಸಾಲುಗಳ ಆ ಸ್ಥಾನದಲ್ಲಿ 6, 7, 8, 9 ಇದ್ದುದರಿಂದ ಅವಕ್ಕೆ ಐದು ಸೇರಿಸಲು ಬರುವುದಿಲ್ಲ. ಎರಡರಲ್ಲಿ ಯಾವುದು ಎಂಬುದನ್ನು ಒಟ್ಟು ಮೊತ್ತ ಹೇಳಲಾರದು. ಇಲ್ಲಿ ಕ್ರಾಪ್ ಮಾಡಿ ಮರೆಸಿದ್ದ ಕಾಲಮ್ಮುಗಳು ನೆರವಿಗೆ ಬಂದವು. ವೇತನದ ಸಾಲಿನಲ್ಲಿ ಹಿಂದಿನ ವರ್ಷ 4,12,000, ಹೆಚ್ಚಳ 26,600 ಎಂದಿತ್ತು. ಎರಡನ್ನೂ ಕೂಡಿದರೆ 4,38,600. ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಆ ಅಂಕಿ 8 ಆಗಿರುವುದು ಖಚಿತವಾಯಿತು.

ಇದೇ ಬಗೆಯಲ್ಲಿ 1 ಮತ್ತು 7 ಅದಲುಬದಲಾದರೆ ವ್ಯತ್ಯಾಸ 6, 60, 600 ಹೀಗೆ ಬರುತ್ತದೆ. ಕೈಯಲ್ಲಿ ಬೆರಳಚ್ಚು ಮಾಡಿದ ಕೋಷ್ಟಕವಾದರೆ ಪಕ್ಕಪಕ್ಕದ ಅಂಕಿಗಳು ಸ್ಥಾನ ಬದಲಿಸುವ ತಪ್ಪೇ ಹೆಚ್ಚು, ಆಗ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ: 27,315 ಅನ್ನು 27,135 ಎಂದು ಹೊಡೆದರೆ ವ್ಯತ್ಯಾಸ 180. ಹಳೆಯ ಲೆಕ್ಕಿಗರು ಖಾತೆಪುಸ್ತಕದಲ್ಲಿ ತಪ್ಪು ಹುಡುಕಲು ಬಳಸುತ್ತಿದ್ದ ಉಪಾಯವಿದು, ಇಂದಿಗೂ ಅದಕ್ಕಿಂತ ಬೇಗ ತಪ್ಪಿಗೆ ಕರೆದೊಯ್ಯುವ ದಾರಿ ನನಗೆ ಸಿಕ್ಕಿಲ್ಲ.

ಈ ಪರೀಕ್ಷೆಗೂ ಮಿತಿಗಳಿವೆ. ಒಂದೇ ಕಾಲಮ್ಮಿನ ಒಂದೇ ಸ್ಥಾನದಲ್ಲಿ ಒಂದು ಕಡೆ 8 ಹೋಗಿ 3 ಆಗಿ, ಇನ್ನೊಂದು ಕಡೆ 3 ಹೋಗಿ 8 ಆದರೆ ಮೊತ್ತ ಸರಿಯಾಗಿಯೇ ಕಾಣುತ್ತದೆ. ಅಡ್ಡ ಸಾಲಿನ ಲೆಕ್ಕವನ್ನೂ ಮಾಡಿದಾಗ ಮಾತ್ರ ಅದು ಸಿಕ್ಕಿಬೀಳುತ್ತದೆ. ಮೂಲ ಕೋಷ್ಟಕದಲ್ಲೇ ಕೂಡಿಕೆ ತಪ್ಪಾಗಿರುವ ವರದಿಗಳೂ ಬರುತ್ತವೆ. ಚಿತ್ರವನ್ನು ಹಿಗ್ಗಿಸಿ ಪ್ರತಿ ಅಂಕಿಯನ್ನೂ ನೋಡಿದ ಮೇಲೂ ಮೊತ್ತ ಹೊಂದದಿದ್ದರೆ ನಾನು ಅದನ್ನು ತಿದ್ದುವುದಿಲ್ಲ. ವರದಿಯಲ್ಲಿದ್ದಂತೆಯೇ ನಮೂದಿಸಿ, ಪಕ್ಕದ ಮನೆಯಲ್ಲಿ ವ್ಯತ್ಯಾಸವನ್ನು ಬರೆದು ಸಂಘಕ್ಕೆ ಕೇಳಿ ಕಳುಹಿಸುತ್ತೇನೆ. ರಸೀದಿ ಸಂಖ್ಯೆ, ಖಾತೆ ಸಂಖ್ಯೆ, ದಿನಾಂಕಗಳಿಗೆ ಒಟ್ಟು ಮೊತ್ತವೆಂಬುದೇ ಇಲ್ಲದ ಕಾರಣ, ಒಬ್ಬರು ಚಿತ್ರ ನೋಡಿ ಗಟ್ಟಿಯಾಗಿ ಓದುತ್ತಾ ಇನ್ನೊಬ್ಬರು ಹಾಳೆಯಲ್ಲಿ ಗುರುತು ಹಾಕುತ್ತಾ ಹೋಗುವುದರ ಹೊರತು ಬೇರೆ ದಾರಿಯಿಲ್ಲ.

ತಾಳೆಯಾದ ಅಂಕಿಗಳನ್ನು ಎಕ್ಸೆಲ್‌ಗೆ ತರುವಾಗ ಅಲ್ಪವಿರಾಮಗಳನ್ನು ತೆಗೆದು ಬರಿಯ ಅಂಕಿಗಳನ್ನು ಇಟ್ಟು, ಲಕ್ಷ, ಸಾವಿರಗಳ ವಿಂಗಡಣೆಯನ್ನು ಫಾರ್ಮ್ಯಾಟ್ ಮೂಲಕವೇ ಕೊಡುತ್ತೇನೆ. ಕಾಲಮ್ಮಿನ ಕೆಳಗೆ SUM ಹಾಕಿದಾಗ 0 ಬಂದರೆ ಅಂಕಿಗಳು ಇನ್ನೂ ಪಠ್ಯವಾಗಿಯೇ ಇವೆ ಎಂದರ್ಥ. ವರ್ಡ್ ವರದಿಯನ್ನೂ ತಿದ್ದಿ ಮರಳಿಸಬೇಕಾದಾಗ ಚಿತ್ರವನ್ನು ತೆಗೆದು ಆ ಜಾಗದಲ್ಲಿ ನಿಜವಾದ ಕೋಷ್ಟಕವನ್ನು ಇಡುತ್ತೇನೆ, ಕನ್ನಡವನ್ನು ಯೂನಿಕೋಡ್‌ನಲ್ಲೇ ಬೆರಳಚ್ಚು ಮಾಡುತ್ತೇನೆ. ಅಕ್ಷರ ಬದಲಾಗುವ ಭಯ ಇಟ್ಟುಕೊಂಡಿದ್ದ ಆ ಕಾರ್ಯದರ್ಶಿಯಂತಹವರಿಗೆ, ಅಗಲವಾದ ಕೋಷ್ಟಕವಿರುವ ಪುಟವನ್ನಷ್ಟೇ ಸೆಕ್ಷನ್ ಬ್ರೇಕ್ ಕೊಟ್ಟು ಅಡ್ಡಲಾಗಿ ತಿರುಗಿಸುವುದನ್ನು ತೋರಿಸಿಕೊಡುತ್ತೇನೆ, ವರದಿಯ ಜೊತೆಗೆ ಆ ಒಂದು ಹಾಳೆಯಷ್ಟೇ ಇರುವ ಎಕ್ಸೆಲ್ ಫೈಲನ್ನು ಬೇರೆಯಾಗಿ ಲಗತ್ತಿಸುವಂತೆ ಕೇಳಿಕೊಳ್ಳುತ್ತೇನೆ.