ರಾತ್ರಿ ನುಂಗಿದ ಮಾತ್ರೆ ಬೆಳಿಗ್ಗೆ ಎಷ್ಟು ಉಳಿದಿರುತ್ತದೆ?

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು, ವಯಸ್ಸು ಎಪ್ಪತ್ತು ದಾಟಿದೆ. ನಿದ್ದೆಗೆಂದು ಕ್ಲೋನಜೆಪಾಮ್ 0.5 ಮಿ.ಗ್ರಾಂ. ಶುರುವಾಯಿತು. ಮೊದಲೆರಡು ದಿನ ಸೊಗಸಾದ ನಿದ್ದೆ. ವಾರ ಕಳೆಯುವಷ್ಟರಲ್ಲಿ ಬೆಳಿಗ್ಗೆ ತೋಟಕ್ಕೆ ಹೋಗುವಾಗ ಹಳ್ಳದ ಸಂಕದ ಮೇಲೆ ಕಾಲು ತಡವರಿಸಿತು. "ಮಾತ್ರೆಯಿಂದಾದರೆ ಮೊದಲ ದಿನವೇ ಆಗ್ಬೇಕಿತ್ತಲ್ಲ ಮಾರಾಯ್ರೇ, ಇದು ಬಿ.ಪಿ.ಯೇ ಇರ್ಬೇಕು" ಎಂದರು. ತರ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಲೆಕ್ಕ ಬೇರೆ ಹೇಳುತ್ತದೆ.

ಮೊದಲು ಮಾತ್ರೆಯ ಹಾಳೆಯಲ್ಲಿ ಕಂಪನಿ ಇಟ್ಟ ಹೆಸರನ್ನು ಬಿಟ್ಟು, ಸಣ್ಣಕ್ಷರದಲ್ಲಿರುವ ಔಷಧದ ಹೆಸರು ಓದಿ. ಕ್ಲೋನಜೆಪಾಮ್ ಸೇರಿರುವ ಬೆಂಜೊಡಯಜೆಪೀನ್ ಗುಂಪಿನ ಮಾತ್ರೆಗಳೆಲ್ಲವೂ ಒಂದೇ ವೇಗದಲ್ಲಿ ದೇಹ ಬಿಡುವುದಿಲ್ಲ. ರಕ್ತದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಬೇಕಾಗುವ ಸಮಯವೇ ಅದರ ಅರ್ಧಾಯುಷ್ಯ. ಲೊರಾಜೆಪಾಮ್‌ಗೆ ಅದು ಸುಮಾರು 12 ಗಂಟೆ, ಕ್ಲೋನಜೆಪಾಮ್‌ಗೆ 30ರಿಂದ 40 ಗಂಟೆ. ಡಯಜೆಪಾಮ್ ಇನ್ನೂ ಹಟಮಾರಿ: ಅದು ಕರಗುವಾಗ ಹುಟ್ಟುವ ವಸ್ತುವಿಗೂ ಮಂಪರು ತರುವ ಗುಣವಿದೆ, ಅದು ಮತ್ತಷ್ಟು ದಿನ ಉಳಿಯುತ್ತದೆ.

ಇನ್ನು ಲೆಕ್ಕ. ಕ್ಲೋನಜೆಪಾಮ್‌ನ ಅರ್ಧಾಯುಷ್ಯ 36 ಗಂಟೆ ಎಂದಿಟ್ಟುಕೊಳ್ಳಿ. ರಾತ್ರಿ 10ಕ್ಕೆ ನುಂಗಿದರೆ ಬೆಳಿಗ್ಗೆ 6ಕ್ಕೆ ಶೇ 86ರಷ್ಟು ಹಾಗೇ ಇರುತ್ತದೆ. ಮರುರಾತ್ರಿ ಇನ್ನೊಂದು ನುಂಗುವ ಹೊತ್ತಿಗೂ ಶೇ 63 ಬಾಕಿ. ಈ ಹಳೇ ಬಾಕಿಯ ಮೇಲೆ ಹೊಸದು ಬೀಳುತ್ತಾ ಹೋಗಿ, ಐದು ಅರ್ಧಾಯುಷ್ಯ, ಅಂದರೆ ಏಳೆಂಟು ದಿನಗಳಲ್ಲಿ, ಮೊದಲ ರಾತ್ರಿಯ ಸುಮಾರು 2.7 ಪಟ್ಟು ಸೇರಿಕೊಳ್ಳುತ್ತದೆ. ನಮ್ಮ ಬೆಳೆಗಾರರ ಕಾಲು ತಡವರಿಸಿದ್ದು ಸರಿಯಾಗಿ ಆ ಹೊತ್ತಿಗೆ. ಲೊರಾಜೆಪಾಮ್ ಆಗಿದ್ದರೆ ಮರುರಾತ್ರಿಗೆ ಕಾಲು ಭಾಗ ಮಾತ್ರ ಉಳಿಯುತ್ತಿತ್ತು, ಶೇಖರಣೆ ಸುಮಾರು 1.3 ಪಟ್ಟಿಗೇ ನಿಲ್ಲುತ್ತಿತ್ತು.

ಹಾಗೆಂದು ಬೇಗ ಇಳಿಯುವುದೇ ಮೇಲು ಎನ್ನುವಂತಿಲ್ಲ. ತೀರಾ ಬೇಗ ಇಳಿಯುವ ಮಾತ್ರೆಗಳಲ್ಲಿ ನಸುಕಿಗೇ ಎಚ್ಚರವಾಗಬಹುದು. ಬಿಟ್ಟಾಗ ಚಡಪಡಿಕೆ ಬೇಗ, ಜೋರಾಗಿ ಬರುತ್ತದೆ.

ವಯಸ್ಸನ್ನೂ ಲೆಕ್ಕಕ್ಕೆ ಸೇರಿಸಬೇಕು. ಡಯಜೆಪಾಮ್‌ನ ಅರ್ಧಾಯುಷ್ಯ ಇಪ್ಪತ್ತರ ಹರೆಯದಲ್ಲಿ ಸುಮಾರು 20 ಗಂಟೆಯಿದ್ದದ್ದು ಎಂಬತ್ತಕ್ಕೆ 90ರ ಹತ್ತಿರ ಹೋಗುತ್ತದೆ. ಲೊರಾಜೆಪಾಮ್ ಕರಗುವ ದಾರಿ ಬೇರೆ, ವಯಸ್ಸು ಅದನ್ನು ಅಷ್ಟು ತಡೆಯುವುದಿಲ್ಲ. ಆದರೂ ಮುದಿ ಮಿದುಳಿಗೆ ಯಾವ ಮಾತ್ರೆಯಾದರೂ ಸ್ವಲ್ಪ ಹೆಚ್ಚೇ ತಾಗುತ್ತದೆ. ಮೇಲಿಂದ ಒಂದು ಪೆಗ್ ಬಿದ್ದರಂತೂ ಉಸಿರಾಟಕ್ಕೇ ಕುತ್ತು.

ಮಂಪರು ಮಾತ್ರೆಯದೇ ಎಂಬ ಅನುಮಾನವಿದ್ದರೆ ಮಾತ್ರೆ ನುಂಗಿದ ಗಂಟೆ, ಎದ್ದ ಗಂಟೆ, ತಲೆ ಹಗುರಾದ ಗಂಟೆ ಒಂದು ವಾರ ಕ್ಯಾಲೆಂಡರಿನಲ್ಲೇ ಬರೆದು ವೈದ್ಯರಿಗೆ ತೋರಿಸಿ. ಮಂಪರು ದಿನೇ ದಿನೇ ಹೆಚ್ಚುತ್ತಿದ್ದರೆ ಅದು ಶೇಖರಣೆಯ ಗುರುತು. ವಾರಗಟ್ಟಲೆ ನುಂಗಿದ್ದನ್ನು ನೀವೇ ಥಟ್ಟನೆ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ವೈದ್ಯರು ಸ್ವಲ್ಪಸ್ವಲ್ಪವಾಗಿ ಇಳಿಸುತ್ತಾರೆ. ಬೆಳೆಗಾರರಿಗೂ ಹಾಗೇ ಇಳಿಸಿದರು. ಡೋಸ್ ಅರ್ಧವಾದ ಮರುದಿನವೇ ತಲೆ ತಿಳಿಯಾಗಲಿಲ್ಲವೆಂದು ಅವರಿಗೆ ಬೇಸರ. ಏರಲು ವಾರ ಹಿಡಿದದ್ದು ಇಳಿಯಲೂ ವಾರ ಹಿಡಿಯಿತು. ಅಲ್ಲಿಯತನಕ ಸಂಕ ದಾಟುವಾಗ ಮೊಮ್ಮಗ ಜೊತೆಗಿದ್ದ.