ಸ್ಪೇಸ್‌ಬಾರ್ ಗಲಗಲ ಅನ್ನುತ್ತಿದೆಯೇ? ಕ್ಯಾಪ್ ಬದಲಿಸಿದರೆ ಸಾಲದು, ಒಳಗಿನ ತಂತಿ ನೋಡಿ

ಗೋಣಿಕೊಪ್ಪದಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಅಕ್ಕನೊಬ್ಬರು ಸೆಪ್ಟೆಂಬರ್ ಕೊನೆಗೆ ಫೋನ್ ಮಾಡಿದ್ದರು. "ಮಳೆ ಇರುವಷ್ಟು ದಿನ ಗೊತ್ತೇ ಆಗಿರಲಿಲ್ಲಪ್ಪ. ಶೀಟಿನ ಮೇಲೆ ಬೀಳುವ ಸದ್ದಿಗೆ ಬೇರೇನೂ ಕೇಳ್ತಿರಲಿಲ್ಲ. ಈಗ ಮಳೆ ಬಿಟ್ಟಿದೆ. ಸ್ಪೇಸ್‌ಬಾರ್ ಒತ್ತಿದ್ರೆ ಡಬ್ಬಿಯಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ ಕೇಳ್ತದೆ. ಹೊಸ ಕ್ಯಾಪ್ ಹಾಕಿದ ಮೇಲೇ ಹೀಗೆ."

ಜೂನ್‌ನಲ್ಲಿ ಅವರು ತಮ್ಮ ಮೆಕ್ಯಾನಿಕಲ್ ಕೀಬೋರ್ಡಿನ ಕೀಕ್ಯಾಪ್‌ಗಳನ್ನೆಲ್ಲ, ಅಂದರೆ ಕೀಗಳ ಮೇಲಿನ ಪ್ಲಾಸ್ಟಿಕ್ ಮುಚ್ಚಳಗಳನ್ನು, ಬದಲಾಯಿಸಿದ್ದರು. ಹಳೆಯವು ಎಬಿಎಸ್ ಪ್ಲಾಸ್ಟಿಕ್. ಎರಡು ವರ್ಷ ಮದುವೆ ಕಾಗದ ಟೈಪ್ ಮಾಡಿ ಮಾಡಿ ಕೀಗಳೆಲ್ಲ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ಹೊಸವು ಪಿಬಿಟಿ. ಮುಟ್ಟಿದರೆ ಸ್ವಲ್ಪ ಒರಟು, ಬೇಗ ಸವೆಯುವುದಿಲ್ಲ, ಹೊಳಪು ಬರುವುದೂ ನಿಧಾನ. ದಿನವಿಡೀ ಟೈಪ್ ಮಾಡುವವರಿಗೆ ನಾನೂ ಪಿಬಿಟಿಯನ್ನೇ ಹೇಳುತ್ತೇನೆ. ಆದರೆ ಪಿಬಿಟಿಗೆ ಒಂದು ದೋಷವಿದೆ. ಅದು ಕಾಣಿಸುವುದು ಉದ್ದದ ಕೀಗಳಲ್ಲಿ ಮಾತ್ರ.

ಅಚ್ಚಿನಿಂದ ಹೊರಬಂದು ತಣಿಯುವಾಗ ಪಿಬಿಟಿ ಎಬಿಎಸ್‌ಗಿಂತ ಜಾಸ್ತಿ ಕುಗ್ಗುತ್ತದೆ. ಒಂದಕ್ಷರದ ಚಿಕ್ಕ ಕೀಯಲ್ಲಿ ಅದು ಗೊತ್ತೇ ಆಗುವುದಿಲ್ಲ. 12 ಸೆಂಟಿಮೀಟರ್ ಉದ್ದದ ಸ್ಪೇಸ್‌ಬಾರ್‌ನಲ್ಲಿ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಮ್ಮಿ ಕುಗ್ಗಿದರೆ ಇಡೀ ಪಟ್ಟಿ ಬಾಳೆಕಾಯಿಯ ಹಾಗೆ ಬಾಗುತ್ತದೆ. ಉಳಿದ ಕೀಗಳೆಲ್ಲ ಪಿಬಿಟಿ, ಸ್ಪೇಸ್‌ಬಾರ್ ಮಾತ್ರ ಎಬಿಎಸ್ ಎಂದು ಮಾರುವ ಸೆಟ್‌ಗಳು ಇರುವುದು ಇದೇ ಕಾರಣಕ್ಕೆ. ಅದು ಮೋಸವಲ್ಲ.

ಅಕ್ಕನ ಅನುಮಾನದಲ್ಲಿ ಅರ್ಧ ನಿಜವಿತ್ತು. ಇನ್ನರ್ಧ ಕ್ಯಾಪಿನ ಕೆಳಗಿತ್ತು.

ಉದ್ದದ ಕೀಯ ಕೆಳಗೆ ಏನಿದೆ?

ಸ್ಪೇಸ್‌ಬಾರ್ ಎಷ್ಟೇ ಉದ್ದವಿದ್ದರೂ ಅದರ ಕೆಳಗೆ ಸ್ವಿಚ್ ಇರುವುದು ಒಂದೇ, ಅದೂ ಮಧ್ಯದಲ್ಲಿ. ಹಲಗೆಯ ನಡುವೆ ಒಂದೇ ಕಲ್ಲು ಕೊಟ್ಟು ತುದಿಯಲ್ಲಿ ಕೂತರೆ ಏನಾಗುತ್ತದೆ? ಇನ್ನೊಂದು ತುದಿ ಮೇಲೇಳುತ್ತದೆ. ಹಾಗಾಗಬಾರದು ಎಂದು ಎರಡೂ ಕಡೆ ಸ್ಟೆಬಿಲೈಸರ್ ಇಟ್ಟಿರುತ್ತಾರೆ. ಎರಡು ಪ್ಲಾಸ್ಟಿಕ್ ಗೂಡು, ಪ್ರತಿ ಗೂಡಿನೊಳಗೆ ಮೇಲೆ ಕೆಳಗೆ ಜಾರುವ ಒಂದು ಸ್ಟೆಮ್, ಎರಡನ್ನೂ ಜೋಡಿಸುವ ಒಂದು ಉಕ್ಕಿನ ತಂತಿ. ತಂತಿ ನೋಡಲು ಬಕೆಟ್ಟಿನ ಹಿಡಿಯ ಹಾಗಿರುತ್ತದೆ. ಅದರ ಎರಡು ತುದಿಗಳು ಸ್ಟೆಮ್‌ಗಳ ತೂತಿನೊಳಗೆ ಕೂತಿರುತ್ತವೆ. ಎಡಗಡೆ ಒತ್ತಿದರೆ ಎಡತುದಿ ಇಳಿಯುತ್ತದೆ, ಇಡೀ ತಂತಿ ತಿರುಗುತ್ತದೆ, ಬಲತುದಿಯೂ ಜೊತೆಗೇ ಇಳಿಯುತ್ತದೆ.

ತಂತಿ ತೂತಿನಲ್ಲಿ ಸಲೀಸಾಗಿ ಅಲ್ಲಾಡಬೇಕಾದರೆ ಸ್ವಲ್ಪ ಜಾಗ ಬಿಡಲೇಬೇಕು. ಸದ್ದು ಹುಟ್ಟುವುದು ಆ ಜಾಗದಲ್ಲೇ. ಒತ್ತಿದಾಗ ಉಕ್ಕು ತೂತಿನ ಒಂದು ಅಂಚಿಗೆ ಬಡಿಯುತ್ತದೆ, ಬಿಟ್ಟಾಗ ಇನ್ನೊಂದು ಅಂಚಿಗೆ. ತಂತಿ ನೇರವಾಗಿದ್ದು, ನಡುವಿನ ಜಾಗದಲ್ಲಿ ಗ್ರೀಸ್ ತುಂಬಿದ್ದರೆ ಈ ಬಡಿತ ಕೇಳಿಸುವುದಿಲ್ಲ. ಗ್ರೀಸ್ ಇಲ್ಲದಿದ್ದರೆ ಅಥವಾ ತಂತಿ ಒಂದು ಕೂದಲೆಳೆಯಷ್ಟು ತಿರುಚಿದ್ದರೆ ಟಿಕ್ ಟಿಕ್ ಶುರು. ಶಿಫ್ಟ್ ಮತ್ತು ಎಂಟರ್ ಕೆಳಗಿನ ಸ್ಟೆಮ್‌ಗಳ ನಡುವೆ ಎರಡೂವರೆ ಸೆಂಟಿಮೀಟರಿನಷ್ಟೂ ದೂರವಿಲ್ಲ. ಸ್ಪೇಸ್‌ಬಾರ್ ಕೆಳಗೆ ಅದು 10 ಸೆಂಟಿಮೀಟರ್. ತಂತಿ ಉದ್ದವಾದಷ್ಟೂ ಸಣ್ಣ ತಿರುಚು ತುದಿಯಲ್ಲಿ ದೊಡ್ಡದಾಗುತ್ತದೆ. ಮೇಲಿನ ಕ್ಯಾಪ್ ಬೇರೆ ಟೊಳ್ಳು. ಬಂದ ಸದ್ದನ್ನು ಇನ್ನೂ ಹಿಗ್ಗಿಸಿ ಕೊಡುತ್ತದೆ.

ಕನ್ನಡ ಟೈಪ್ ಮಾಡುವವರಿಗೆ ಶಿಫ್ಟ್ ಕೂಡ ಸಣ್ಣ ತೊಂದರೆಯಲ್ಲ. ನುಡಿ ತಂತ್ರಾಂಶದಲ್ಲಿ ದೀರ್ಘಕ್ಕೂ ಮಹಾಪ್ರಾಣಕ್ಕೂ ಶಿಫ್ಟ್ ಬೇಕು. 'ಆಧಾರ' ಎಂದು ಬರೆಯಲು ಒತ್ತುವ ನಾಲ್ಕು ಕೀಗಳಲ್ಲಿ ಮೂರಕ್ಕೆ ಶಿಫ್ಟ್ ಹಿಡಿಯಬೇಕು. ಇಂಗ್ಲಿಷ್ ಟೈಪ್ ಮಾಡುವವರ ಶಿಫ್ಟ್‌ಗಿಂತ ನಮ್ಮದು ಬೇಗ ಸಡಿಲವಾದರೆ ಆಶ್ಚರ್ಯವಿಲ್ಲ ಅಲ್ವಾ?

ಮೊದಲು ಕ್ಯಾಪ್ ತೆಗೆದು ಕೇಳಿ

ಏನನ್ನೂ ಬಿಚ್ಚುವ ಮೊದಲು ಸದ್ದು ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡಬೇಕು. ಸ್ಪೇಸ್‌ಬಾರ್‌ನ ಎಡತುದಿ, ಮಧ್ಯ, ಬಲತುದಿಯನ್ನು ಬೇರೆ ಬೇರೆಯಾಗಿ ಮೆಲ್ಲಗೆ ಒತ್ತಿ ಕಿವಿಗೊಡಿ. ಆಮೇಲೆ ಕ್ಯಾಪನ್ನು ಎರಡೂ ಕಡೆ ಸಮವಾಗಿ ಹಿಡಿದು ನೇರ ಮೇಲಕ್ಕೆ ಎತ್ತಿ. ಒಂದೇ ಕಡೆಯಿಂದ ಕಿತ್ತರೆ ತಂತಿ ಅಲ್ಲೇ ಸೊಟ್ಟಗಾಗುತ್ತದೆ. ಕ್ಯಾಪ್ ಇಲ್ಲದೆ ಎರಡು ಸ್ಟೆಮ್‌ಗಳನ್ನು ಬೆರಳಿನಿಂದ ತಟ್ಟಿ ನೋಡಿ. ಈಗಲೂ ಟಿಕ್ ಕೇಳಿದರೆ ದೋಷ ಸ್ಟೆಬಿಲೈಸರ್‌ನಲ್ಲಿದೆ. ಕೇಳದಿದ್ದರೆ ಕ್ಯಾಪಿನಲ್ಲಿದೆ.

ಅಕ್ಕನ ಕೀಬೋರ್ಡಿನಲ್ಲಿ ಎಡ ಸ್ಟೆಮ್ ಸುಮ್ಮನಿತ್ತು. ಬಲಗಡೆಯದ್ದು ಕ್ಯಾಪ್ ತೆಗೆದ ಮೇಲೂ ಟಿಕ್ ಅಂದಿತು, ಆದರೆ ಸದ್ದು ಮೊದಲಿಗಿಂತ ಕಮ್ಮಿ. ಅಂದರೆ ಎರಡೂ ಕಡೆ ತಪ್ಪಿದೆ.

ಕ್ಯಾಪ್ ಪರೀಕ್ಷೆಗೆ ಅಂಗಡಿಯ ಮೇಜಿನ ಗಾಜೇ ಸಾಕಾಯಿತು. ಸ್ಪೇಸ್‌ಬಾರ್‌ನ ತೆರೆದ ಬಾಯಿ ಕೆಳಗೆ ಬರುವಂತೆ ಗಾಜಿನ ಮೇಲಿಟ್ಟು ಮೂಲೆಗಳನ್ನು ತಟ್ಟಿದೆ. ಕುಂಟಲಿಲ್ಲ, ಹಾಗಾಗಿ ತಿರುಚಿಲ್ಲ. ಆದರೆ ಮಧ್ಯದಲ್ಲಿ ಬೆಳಕು ಕಾಣುತ್ತಿತ್ತು. ಪಕ್ಕದಲ್ಲಿದ್ದ ವಿಸಿಟಿಂಗ್ ಕಾರ್ಡ್ ತೂರಿಸಿದೆ, ಹೋಯಿತು. ಎರಡು ಕಾರ್ಡ್ ಒಟ್ಟಿಗೆ ತೂರಿಸಿದೆ, ಅವೂ ಹೋದವು. ಇಷ್ಟು ಬಾಗಿದ ಕ್ಯಾಪನ್ನು ಕೂರಿಸಿದರೆ ಅಕ್ಕಪಕ್ಕದ ಸ್ಟೆಮ್‌ಗಳು ನೇರ ನಿಲ್ಲುವುದಿಲ್ಲ. ಗೂಡಿನ ಗೋಡೆಗೆ ಓರೆಯಾಗಿ ಒತ್ತಿಕೊಂಡು ಉಜ್ಜುತ್ತವೆ. ಕೀ ಮೇಲೇಳಲು ತಡವಾಗುವುದಕ್ಕೂ ಇದು ಕಾರಣ.

ಇದನ್ನು ಸರಿ ಮಾಡಬಹುದು. ಸುಮಾರು 60 ಡಿಗ್ರಿ ದಾಟಿದರೆ ಪಿಬಿಟಿ ಸ್ವಲ್ಪ ಮೆತ್ತಗಾಗುತ್ತದೆ. ಒಲೆಯಿಂದ ಇಳಿಸಿದ ಬಿಸಿನೀರಿನಲ್ಲಿ ಒಂದು ನಿಮಿಷ ಮುಳುಗಿಸಿ, ಚಿಮಟದಿಂದ ತೆಗೆದು, ಬಟ್ಟೆ ಹಿಡಿದು ಸಮತಟ್ಟಾದ ಹಲಗೆಯ ಮೇಲೆ ಒತ್ತಿ ಹಿಡಿಯಿರಿ. ಬಾಗಿದ ದಿಕ್ಕಿಗೆ ಎದುರಾಗಿ ಚೂರೇ ಚೂರು ಜಾಸ್ತಿ ಒತ್ತಬೇಕು, ಯಾಕೆಂದರೆ ಬಿಟ್ಟ ಮೇಲೆ ಅದು ಸ್ವಲ್ಪ ಹಿಂದಕ್ಕೆ ಬರುತ್ತದೆ. ಪೂರ್ತಿ ತಣಿಯುವ ತನಕ ಬಿಡಬೇಡಿ. ನಮಗೆ ಎರಡು ಸಲ ಮಾಡಬೇಕಾಯಿತು. ಎರಡನೇ ಸಲದ ನಂತರ ಒಂದು ಕಾರ್ಡೂ ತೂರಲಿಲ್ಲ. ಎಬಿಎಸ್‌ಗೆ ಈ ಉಪಾಯ ನಡೆಯದು, ಅದು ಮೆತ್ತಗಾಗಲು ಕುದಿಯುವ ನೀರಿನ ಬಿಸಿಯೂ ಸಾಲುವುದಿಲ್ಲ. ಕ್ಯಾಪಿನ ಒಳಗಿನ ಪ್ಲಸ್ ಆಕಾರದ ಕಾಲುಗಳೇ ಓರೆಯಾಗಿದ್ದರೆ ಪಿಬಿಟಿಯನ್ನೂ ಸರಿ ಮಾಡಲಾಗದು. ಬೇರೆ ಸ್ಪೇಸ್‌ಬಾರ್ ತರಬೇಕು.

ನಿಮ್ಮದು ಯಾವ ಪ್ಲಾಸ್ಟಿಕ್ ಎಂದು ಗೊತ್ತಿಲ್ಲದಿದ್ದರೆ ಒಂದು ಲೋಟ ನೀರಿಗೆ ಮೂರು ದೊಡ್ಡ ಚಮಚ ಉಪ್ಪು ಕರಗಿಸಿ ಕ್ಯಾಪ್ ಹಾಕಿ. ಒಳಗೆ ಗಾಳಿಗುಳ್ಳೆ ಉಳಿಯಬಾರದು. ಎಬಿಎಸ್ ತೇಲುತ್ತದೆ, ಪಿಬಿಟಿ ಮುಳುಗುತ್ತದೆ.

ತಂತಿ ನೇರ ಮಾಡುವುದು

ಅಕ್ಕನದು ಹಾಟ್‌ಸ್ವಾಪ್ ಕೀಬೋರ್ಡ್, ಬೆಸುಗೆ ಬಿಡಿಸದೆಯೇ ಸ್ವಿಚ್ ಕೀಳಬಹುದು. ಸ್ವಿಚ್‌ಗಳನ್ನು ಕಿತ್ತು, ಸ್ಕ್ರೂ ಬಿಚ್ಚಿ ಸ್ಟೆಬಿಲೈಸರ್ ಹೊರತೆಗೆದೆವು. ತಂತಿಯನ್ನು ಅದೇ ಗಾಜಿನ ಮೇಲೆ ಮಲಗಿಸಿ ಎಡತುದಿ ಒತ್ತಿದೆ. ಬಲತುದಿ ಗಾಜು ಬಿಟ್ಟು ಎದ್ದು ನಿಂತಿತು. ಬಲ ಸ್ಟೆಮ್ ಯಾಕೆ ಸದ್ದು ಮಾಡುತ್ತಿತ್ತು ಎಂದು ಅಲ್ಲಿಗೆ ಅಕ್ಕನಿಗೂ ಗೊತ್ತಾಯಿತು. ಉದ್ದದ ಭಾಗವನ್ನು ಒಂದು ಇಕ್ಕಳದಲ್ಲಿ ಹಿಡಿದು, ಎದ್ದ ತುದಿಯನ್ನು ಇನ್ನೊಂದು ಇಕ್ಕಳದಿಂದ ಮೆಲ್ಲಗೆ ಇಳಿಸಬೇಕು. ಒಂದೇ ಸಲ ಬಗ್ಗಿಸಬೇಡಿ. ಸ್ವಲ್ಪ ಬಗ್ಗಿಸಿ, ಗಾಜಿನ ಮೇಲಿಟ್ಟು ತಟ್ಟಿ ನೋಡಿ, ಮತ್ತೆ ಸ್ವಲ್ಪ. ಈ ಕೆಲಸಕ್ಕೆ ಕಾಲು ಗಂಟೆ ಹಿಡಿಯಿತು. ಇಡೀ ರಿಪೇರಿಯಲ್ಲಿ ಅವಸರ ಮಾಡಬಾರದ ಜಾಗ ಇದೊಂದೇ. ತಂತಿ ತಿರುಚಿದ್ದರೆ ಎಷ್ಟು ಗ್ರೀಸ್ ಹಚ್ಚಿದರೂ ಹದಿನೈದು ದಿನಕ್ಕೆ ಸದ್ದು ವಾಪಸ್ ಬರುತ್ತದೆ.

ಯಾವ ಗ್ರೀಸ್, ಎಲ್ಲಿ, ಎಷ್ಟು?

ತಂತಿಯ ತುದಿಗಳಿಗೆ ದಪ್ಪ ಗ್ರೀಸ್ ಬೇಕು. ಬೈಕ್ ಬಿಡಿಭಾಗದ ಅಂಗಡಿಯಲ್ಲಿ ಪ್ಲಗ್ಗಿಗೆ ಹಚ್ಚಲು ಕೊಡುವ ಡೈಎಲೆಕ್ಟ್ರಿಕ್ ಸಿಲಿಕೋನ್ ಗ್ರೀಸ್ ಇದಕ್ಕೆ ಸರಿಹೊಂದುತ್ತದೆ. ತುದಿಯ ಬಾಗಿದ ಭಾಗ ಪೂರ್ತಿ ಮುಚ್ಚುವಷ್ಟು ಹಚ್ಚಿ. ಗೂಡಿನಲ್ಲಿ ತಂತಿ ತಿರುಗುವ ಜಾಗಕ್ಕೂ ಸ್ವಲ್ಪ ಹಚ್ಚಿ. ನಮ್ಮ ಜಿಲ್ಲೆಯಲ್ಲಿ ಇದರಿಂದ ಇನ್ನೊಂದು ಲಾಭವಿದೆ. ಮಳೆಗಾಲದ ಥಂಡಿಗೆ ಬರಿಯ ತಂತಿಯಲ್ಲಿ ಕೆಂಪು ತುಕ್ಕಿನ ಚುಕ್ಕೆ ಬಂದದ್ದನ್ನು ನೋಡಿದ್ದೇನೆ. ಗ್ರೀಸ್ ಹಚ್ಚಿದ ತಂತಿಯಲ್ಲಿ ನೋಡಿಲ್ಲ.

ಸ್ಟೆಮ್ ಜಾರುವ ಗೋಡೆಗೆ ಮಾತ್ರ ತೆಳುವಾದ ಲೂಬ್ ಸಾಕು. ಕೀಬೋರ್ಡ್ ಬಿಚ್ಚುವವರು ಸಾಮಾನ್ಯವಾಗಿ ಬಳಸುವುದು ಕ್ರೈಟಾಕ್ಸ್ 205ಜಿ0. ಚಿತ್ರ ಬಿಡಿಸುವ ಸಣ್ಣ ಬ್ರಷ್‌ನಲ್ಲಿ ಗೋಡೆ ಒದ್ದೆಯಾಯಿತೋ ಇಲ್ಲವೋ ಅನ್ನುವಷ್ಟು ಸವರಿ. ಬಿಳಿ ಮುದ್ದೆ ಕಂಡರೆ ಜಾಸ್ತಿಯಾಯಿತು ಎಂದರ್ಥ. ಆಗ ಕೀ ಕೆಳಗೆ ಹೋಗಿ ಸೋಮಾರಿಯ ಹಾಗೆ ಮೇಲೇಳುತ್ತದೆ.

ತೆಂಗಿನೆಣ್ಣೆ ಬಿಡಬಹುದಾ ಎಂದು ಅಕ್ಕ ಕೇಳಿದರು. ಬೇಡ. ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ಎಣ್ಣೆ ಗಟ್ಟಿಯಾಗಿ ಬೀಳುವುದೇ ಇಲ್ಲ ಅಲ್ವಾ, ಸ್ಟೆಮ್ ಒಳಗೂ ಹಾಗೇ ಗಟ್ಟಿಯಾಗುತ್ತದೆ. ಬಿಸಿಲು ಬಂದ ಮೇಲೆ ಕರಗಿ ಸ್ವಿಚ್ಚಿಗೆ ಇಳಿಯುತ್ತದೆ.

ಸ್ವಿಚ್‌ಗಳನ್ನು ಬೆಸುಗೆ ಹಾಕಿದ ಕೀಬೋರ್ಡಿನಲ್ಲಿ ಸ್ಟೆಬಿಲೈಸರ್ ಹೊರತೆಗೆಯುವುದು ಬಹಳ ಸಲ ಕಷ್ಟ. ಅಂಥದ್ದಕ್ಕೆ ಕ್ಯಾಪ್ ಮಾತ್ರ ತೆಗೆದು, ಸ್ಟೆಮ್ ಒತ್ತಿ ಹಿಡಿದು, ಸೂಜಿ ಇಲ್ಲದ ಸಣ್ಣ ಸಿರಿಂಜಿನಲ್ಲಿ ತಂತಿ ಒಳಹೋಗುವ ಜಾಗಕ್ಕೆ ಗ್ರೀಸ್ ತುಂಬಿ. ತಂತಿ ನೇರ ಮಾಡಲಾಗದು, ಆದರೆ ಸದ್ದು ಬಹಳಷ್ಟು ಇಳಿಯುತ್ತದೆ.

ಕ್ಯಾಪ್‌ನ ಆಕಾರವೂ ಲೆಕ್ಕಕ್ಕೆ ಬರುತ್ತದೆ

ಜೋಡಿಸುವಾಗ ಅಕ್ಕ ಇನ್ನೊಂದು ವಿಷಯ ಹೇಳಿದರು. ಹೊಸ ಕ್ಯಾಪ್ ಹಾಕಿದ ಮೇಲೆ ಬೆರಳು ಕೆಳಗೆ ಇಳಿದ ಹಾಗೆ ಅನ್ನಿಸುತ್ತಿತ್ತಂತೆ. ಅದು ಭ್ರಮೆಯಲ್ಲ. ಕ್ಯಾಪ್‌ಗಳ ಆಕಾರಕ್ಕೆ ಪ್ರೊಫೈಲ್ ಅನ್ನುತ್ತಾರೆ. ಅವರ ಹಳೆಯ ಸೆಟ್ ಒಇಎಂ ಪ್ರೊಫೈಲ್, ಹೊಸದು ಚೆರ್ರಿ ಪ್ರೊಫೈಲ್. ಎರಡರಲ್ಲೂ ಸಾಲಿನಿಂದ ಸಾಲಿಗೆ ಎತ್ತರ ಮತ್ತು ಓರೆ ಬದಲಾಗುತ್ತದೆ, ಚೆರ್ರಿ ಸ್ವಲ್ಪ ಗಿಡ್ಡ. ಎಸ್ಎ ಪ್ರೊಫೈಲ್ ಇವೆರಡಕ್ಕಿಂತ ಬಹಳ ಎತ್ತರ. ಒಳಗಿನ ಟೊಳ್ಳು ದೊಡ್ಡದಾದ್ದರಿಂದ ಅದರ ಸದ್ದು ದಪ್ಪ. ತುದಿಯಲ್ಲಿ ಒತ್ತಿದರೆ ಎತ್ತರದ ಕ್ಯಾಪ್ ವಾಲುವುದೂ ಜಾಸ್ತಿ. ಹೀಗಾಗಿ ಸ್ಟೆಬಿಲೈಸರ್ ಸಡಿಲವಿದ್ದರೆ ಎಸ್ಎ ಅದನ್ನು ಎತ್ತಿ ತೋರಿಸುತ್ತದೆ. ಡಿಎಸ್ಎ, ಎಕ್ಸ್‌ಡಿಎಗಳಲ್ಲಿ ಎಲ್ಲ ಸಾಲೂ ಒಂದೇ ಎತ್ತರ. ನೋಡದೆ ಟೈಪ್ ಮಾಡುವವರಿಗೆ ಬೆರಳು ಯಾವ ಸಾಲಿನಲ್ಲಿದೆ ಎಂದು ತಿಳಿಯಲು ಸ್ವಲ್ಪ ದಿನ ಬೇಕು. ಡಿಟಿಪಿ ಕೆಲಸಕ್ಕೆ ನನ್ನ ಮತ ಚೆರ್ರಿಗೇ.

ಹೊಸ ಸೆಟ್ ಕೊಳ್ಳುವ ಮೊದಲು ಸ್ಕೂಲ್ ಸ್ಕೇಲ್ ಇಟ್ಟು ಸ್ಪೇಸ್‌ಬಾರ್ ಅಳೆಯಿರಿ. ಕೀಬೋರ್ಡಿನ ಲೆಕ್ಕದಲ್ಲಿ ಒಂದು ಯೂನಿಟ್ ಅಂದರೆ 19.05 ಮಿಲಿಮೀಟರ್. ಸಾಮಾನ್ಯ ಸ್ಪೇಸ್‌ಬಾರ್ 6.25 ಯೂನಿಟ್, ಹೆಚ್ಚುಕಮ್ಮಿ 12 ಸೆಂಟಿಮೀಟರ್. 13 ಸೆಂಟಿಮೀಟರ್ ದಾಟಿದರೆ ಅದು 7 ಯೂನಿಟ್. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ.

ಎಲ್ಲ ಜೋಡಿಸಿ ಮುಗಿಸುವಾಗ ಸಂಜೆಯಾಗಿತ್ತು. ಅಕ್ಕ ಬಾಕಿ ಉಳಿದಿದ್ದ ಒಂದು ಮದುವೆ ಕಾಗದ ತೆರೆದು ಅರ್ಧ ಪುಟ ಟೈಪ್ ಮಾಡಿದರು. ಸ್ಪೇಸ್‌ಬಾರ್‌ನಿಂದ ದಪ್ಪನೆಯ ಒಂದೇ ಸದ್ದು ಬರುತ್ತಿತ್ತು, ಬಿಟ್ಟಾಗ ಟಿಕ್ ಇರಲಿಲ್ಲ. ಆಮೇಲೆ ಅವರೇ ಎಡ ಶಿಫ್ಟ್ ಕ್ಯಾಪ್ ಎತ್ತಿ, ಎರಡೂ ಸ್ಟೆಮ್ ತಟ್ಟಿ, ಕಿವಿಗೊಟ್ಟು ಹೇಳಿದರು: "ಇದ್ರಲ್ಲಿ ಎಡಗಡೆದು ನೋಡು."