ಬ್ಯಾಲೆನ್ಸ್ ಶೀಟ್ ಓದುವಾಗ ಉದ್ರಿಯ ಮೇಲೆ ಕಣ್ಣಿಡಿ

ಷೇರು ಕೊಳ್ಳುವ ಮೊದಲು ಕಂಪನಿಯ ವಾರ್ಷಿಕ ವರದಿಯನ್ನು ಅದರ ಜಾಲತಾಣದಿಂದಲೋ ಬಿಎಸ್‌ಇ, ಎನ್‌ಎಸ್‌ಇ ತಾಣಗಳಿಂದಲೋ ಇಳಿಸಿಕೊಳ್ಳಿ. ಅಂಗಸಂಸ್ಥೆಗಳಿದ್ದರೆ ವರದಿಯಲ್ಲಿ ಎರಡು ಬ್ಯಾಲೆನ್ಸ್ ಶೀಟ್ ಇರುತ್ತವೆ. ‘ಕನ್ಸಾಲಿಡೇಟೆಡ್’ ಎಂದಿರುವುದನ್ನು ಓದಿ. ಅಂಗಸಂಸ್ಥೆಗಳ ಸಾಲವೂ ಸೇರಿರುವುದು ಅದರಲ್ಲೇ. ಮೊತ್ತಗಳು ಲಕ್ಷದಲ್ಲಿವೆಯೋ ಕೋಟಿಯಲ್ಲಿವೆಯೋ ಎಂಬುದನ್ನು ಮೇಲ್ತುದಿಯಲ್ಲೇ ನೋಡಿಕೊಳ್ಳಿ. ಅಕ್ಕಪಕ್ಕದ ಎರಡು ಕಾಲಂಗಳಲ್ಲಿ ಈ ವರ್ಷದ್ದೂ ಹಿಂದಿನ ವರ್ಷದ್ದೂ ಲೆಕ್ಕವಿರುತ್ತದೆ. ಒಂದೇ ಕಾಲಂ ಓದಿದರೆ ಏನೂ ತಿಳಿಯದು.

ಪಂಪ್‌ಸೆಟ್ ತಯಾರಿಸುವ ಒಂದು ಕಂಪನಿಯಿದೆ ಎಂದುಕೊಳ್ಳೋಣ.

ಮೊದಲು ಆಸ್ತಿ. ಕಾರ್ಖಾನೆ, ಯಂತ್ರಗಳು 40 ಕೋಟಿ, ದಾಸ್ತಾನು 20 ಕೋಟಿ, ಗ್ರಾಹಕರಿಂದ ಬರಬೇಕಾದ ಉದ್ರಿ ಬಾಕಿ 30 ಕೋಟಿ, ನಗದು 4 ಕೋಟಿ, ಒಟ್ಟು 94. ಉದ್ರಿಯನ್ನು ‘ಟ್ರೇಡ್ ರಿಸೀವೇಬಲ್ಸ್’ ಎಂಬ ಹೆಸರಿನಲ್ಲಿ ಹುಡುಕಿ.

ನಂತರ ಹೊಣೆಗಾರಿಕೆ, ಅಂದರೆ ಕಂಪನಿ ಕೊಡಬೇಕಾದದ್ದು. ದೀರ್ಘಾವಧಿ ಸಾಲ 25 ಕೋಟಿ, ವರ್ಷದೊಳಗೆ ತೀರಿಸಬೇಕಾದ ಸಾಲ 15 ಕೋಟಿ, ಕಚ್ಚಾವಸ್ತು ಕೊಟ್ಟವರಿಗೆ ಬಾಕಿ 14 ಕೋಟಿ. ಒಟ್ಟು 54.

94ರಲ್ಲಿ 54 ಕಳೆದರೆ ಉಳಿಯುವ 40 ಕೋಟಿಯೇ ಈಕ್ವಿಟಿ, ಷೇರುದಾರರ ಪಾಲು. ಅದರಲ್ಲಿ 5 ಕೋಟಿ ಷೇರು ಬಂಡವಾಳ, 35 ಕೋಟಿ ‘ಅದರ್ ಈಕ್ವಿಟಿ’. ಹೊಸಬರು ಎಡವುವುದು ಇಲ್ಲಿಯೇ. ಈ 35 ಕೋಟಿ ತಿಜೋರಿಯಲ್ಲಿರುವ ಹಣವಲ್ಲ. ಹಲವು ವರ್ಷಗಳ ಲಾಭ ಯಂತ್ರವಾಗಿ, ದಾಸ್ತಾನಾಗಿ, ಉದ್ರಿಯಾಗಿ ಹರಡಿಹೋಗಿದೆ. ಕೈಯಲ್ಲಿರುವ ನಗದು 4 ಕೋಟಿ ಮಾತ್ರ.

ಈಗ ಹಿಂದಿನ ವರ್ಷದ ಕಾಲಂ ನೋಡಿ. ಆಗ ಈಕ್ವಿಟಿ 37, ಉದ್ರಿ 18, ನಗದು 10, ಅಲ್ಪಾವಧಿ ಸಾಲ 6 ಕೋಟಿ ಇತ್ತು. ಲಾಭದಿಂದ ಈಕ್ವಿಟಿ 3 ಕೋಟಿ ಬೆಳೆದಿದೆ, ನಿಜ. ಆದರೆ ಉದ್ರಿ 12 ಕೋಟಿ ಏರಿದೆ, ನಗದು ಕರಗಿದೆ, ಅಲ್ಪಾವಧಿ ಸಾಲ ಎರಡೂವರೆ ಪಟ್ಟಾಗಿದೆ. ಸರಕು ಹೋಗಿದೆ, ದುಡ್ಡು ಬಂದಿಲ್ಲ. ಆ ಕೊರತೆಯನ್ನು ಬ್ಯಾಂಕಿನ ಸಾಲ ತುಂಬುತ್ತಿದೆ. ಮಾರಾಟವೂ ಅದೇ ವೇಗದಲ್ಲಿ ಬೆಳೆದಿದ್ದರೆ ಇದಕ್ಕೊಂದು ಸಮಜಾಯಿಷಿ ಇರಬಹುದು. ಲಾಭ-ನಷ್ಟ ಪಟ್ಟಿಯಲ್ಲಿ ಮಾರಾಟ ಶೇ 10ರಷ್ಟೇ ಏರಿದ್ದರೆ ನನಗೆ ಅನುಮಾನ ಬರುತ್ತದೆ.

ಅನುಮಾನ ಪರಿಹಾರಕ್ಕೆ ಉದ್ರಿಯ ಸಾಲಿನ ಪಕ್ಕದಲ್ಲಿರುವ ಟಿಪ್ಪಣಿ ಸಂಖ್ಯೆಯನ್ನು ಹಿಡಿದು ಮುಂದಿನ ಪುಟಗಳಿಗೆ ಹೋಗಿ. ಯಾವ ಬಾಕಿ ಆರು ತಿಂಗಳೊಳಗಿನದು, ಯಾವುದು ಒಂದು, ಎರಡು, ಮೂರು ವರ್ಷ ದಾಟಿದ್ದು ಎಂಬ ಪಟ್ಟಿ ಅಲ್ಲಿರುತ್ತದೆ. ವರ್ಷ ದಾಟಿದ್ದೇ 10 ಕೋಟಿ ಇದ್ದು, ಅದು ಬಾರದೆ ನಷ್ಟವೆಂದು ಬರೆದುಹಾಕಬೇಕಾಗಿ ಬಂದರೆ, ತೆರಿಗೆಯ ಲೆಕ್ಕ ಬದಿಗಿಟ್ಟು ಈಕ್ವಿಟಿ 40ರಿಂದ 30ಕ್ಕೆ ಇಳಿಯುತ್ತದೆ. ಸಾಲ ಮಾತ್ರ ಒಂದು ರೂಪಾಯಿಯೂ ತಗ್ಗದು.

ಬ್ಯಾಂಕ್ ಷೇರಿಗೆ ಈ ಓದು ಹೊಂದುವುದಿಲ್ಲ. ಅಲ್ಲಿ ಕೊಟ್ಟ ಸಾಲವೇ ಆಸ್ತಿ, ನಮ್ಮ ಠೇವಣಿಯೇ ಹೊಣೆ.

ಅವಸರವಿಲ್ಲದಿದ್ದರೆ ಅರ್ಧವಾರ್ಷಿಕ ಫಲಿತಾಂಶಕ್ಕೆ ಕಾಯಿರಿ. ಸೆಪ್ಟೆಂಬರ್ 30ರ ಬ್ಯಾಲೆನ್ಸ್ ಶೀಟ್ ಸಾಮಾನ್ಯವಾಗಿ ನವೆಂಬರ್ ಮಧ್ಯದೊಳಗೆ ಹೊರಬರುತ್ತದೆ. ಆ 30 ಕೋಟಿ ಇಳಿದಿದೆಯೇ ಎಂದು ಅದರಲ್ಲಿ ನೋಡಬಹುದು.